ಒಂದು ಸಾಲಿನ ಪರಿಚಯ, ಮೇಲ್ ಕೆಳಗಿನ ಸಹಿ: ಸುಜಾತಾ ಮೇಡಂ ಅವರನ್ನು ಕೇಳಿ

ಶಿವಾನಂದ, ಗಂಗಾವತಿ: ಮೇಡಂ, ಸಕ್ಕರೆ ಕಾರ್ಖಾನೆಯ ಬಾಯ್ಲರ್ ವಿಭಾಗದಲ್ಲಿ 22 ವರ್ಷ ಇದ್ದೆ. ಈಗ ಸ್ವಂತವಾಗಿ ರೈಸ್ ಮಿಲ್‌ಗಳಿಗೆ ಸಲಹೆ ಕೊಡುತ್ತೇನೆ. ನನ್ನ ಪರಿಚಯದ ಸಾಲು ಇದು: "ಸೀನಿಯರ್ ಕನ್ಸಲ್ಟೆಂಟ್ | ಎನರ್ಜಿ | ಬಾಯ್ಲರ್ | ಸ್ಟೀಮ್ | 22 ವರ್ಷ ಅನುಭವ | 30% ಉಳಿತಾಯ ಗ್ಯಾರಂಟಿ". ಮೇಲ್ ಕೆಳಗೂ ಇದೇ ಇದೆ. ಆರು ತಿಂಗಳಾಯಿತು, ಇದನ್ನು ನೋಡಿ ಒಬ್ಬರೂ ಫೋನ್ ಮಾಡಿಲ್ಲ. ಎಲ್ಲಿ ತಪ್ಪಿದೆ?

ಸುಜಾತಾ: ಸರ್, ಸಾಲು ಬರೆಯುವ ಮೊದಲು ಒಂದು ವಿಷಯ ಬೇಕು. ಇದುವರೆಗೆ ನಿಮ್ಮನ್ನು ಕರೆಸಿಕೊಂಡವರು ಫೋನಿನಲ್ಲಿ ಮೊದಲು ಹೇಳಿದ ಮಾತು ಏನು? ನಿಮ್ಮ ಮಾತಲ್ಲ, ಅವರ ಮಾತು. ಮೂರು ಜನರದ್ದು ಸಾಕು.

ರೇಖಾ, ಮೈಸೂರು: ಲಿಂಕ್ಡ್‌ಇನ್ ಸಾಲಿಗೆ ಎಷ್ಟು ಅಕ್ಷರ ಸಿಗುತ್ತದೆ?

ಸುಜಾತಾ: 220. ಹುಡುಕಿದಾಗ ಪಟ್ಟಿಯಲ್ಲಿ ಪೂರ್ತಿ ಕಾಣಲ್ಲ, ಮೊದಲ ಭಾಗ ಮಾತ್ರ ಕಾಣುತ್ತದೆ. ಮುಖ್ಯವಾದದ್ದು ಮೊದಲೇ ಬರಲಿ.

ಮಂಜುನಾಥ, ತುಮಕೂರು: ಇನ್ನೊಂದು ಗುಂಪಿನಲ್ಲಿ ಬಂದದ್ದು, ಎಲ್ಲರಿಗೂ ಉಪಯೋಗ ಆಗುತ್ತದೆ. "ಗ್ರಾಹಕರನ್ನು ಸೆಳೆಯುವ 10 ಪವರ್ ಪದಗಳು: ಪ್ಯಾಷನೇಟ್, ರಿಸಲ್ಟ್ ಓರಿಯೆಂಟೆಡ್, ಗುರು, ಎಕ್ಸ್‌ಪರ್ಟ್..." ಹೆಸರನ್ನು ದಪ್ಪ ಅಕ್ಷರಕ್ಕೆ ಬದಲಿಸುವ ವೆಬ್‌ಸೈಟ್ ಲಿಂಕೂ ಅದರಲ್ಲಿದೆ.

ಸುಜಾತಾ: ದಯವಿಟ್ಟು ಆ ದಪ್ಪ ಅಕ್ಷರ ಬಳಸಬೇಡಿ. ಅವು ನಿಜವಾದ ಇಂಗ್ಲಿಷ್ ಅಕ್ಷರಗಳಲ್ಲ, ಗಣಿತಕ್ಕೆಂದು ಮಾಡಿಟ್ಟ ಚಿಹ್ನೆಗಳು. ಹೆಸರು ಟೈಪ್ ಮಾಡಿ ಹುಡುಕಿದವರಿಗೆ ನೀವು ಸಿಗದೇ ಹೋಗಬಹುದು. ಕಣ್ಣು ಕಾಣದವರ ಫೋನ್ ಅದನ್ನು ಸರಿಯಾಗಿ ಓದಲ್ಲ. ಪದಗಳ ಪಟ್ಟಿಯೂ ಬೇಡ. "ಪ್ಯಾಷನೇಟ್" ಎಂದು ಬರೆದದ್ದಕ್ಕೆ ಯಾವ ಮಿಲ್ ಮಾಲೀಕ ಫೋನ್ ಎತ್ತಿಕೊಂಡಿದ್ದಾನೆ, ಹೇಳಿ?

ಶಿವಾನಂದ: ಮೇಡಂ, ನೆನಪು ಮಾಡಿಕೊಂಡು ಬರೆದಿದ್ದೇನೆ. ಒಬ್ಬರು, "ಉಮಿ ಭಾಳ ಸುಡಾಕತ್ತೈತ್ರಿ, ಮಾರಾಕ ಉಳಿಯವಲ್ದು." ಇನ್ನೊಬ್ಬರು, "ಡ್ರೈಯರ್‌ಗೆ ಸ್ಟೀಮ್ ಸಾಲವಲ್ದು." ಮೂರನೆಯವರೂ ಉಮಿ ಮಾತೇ. ಮೂವರೂ ಗಂಗಾವತಿ, ಕಾರಟಗಿ, ಸಿಂಧನೂರು ಕಡೆಯವರು.

ಸುಜಾತಾ: ನಿಮ್ಮ ಸಾಲು ಇಲ್ಲೇ ಇದೆ ಸರ್. ಮೂವರಲ್ಲಿ ಒಬ್ಬರೂ "ಎನರ್ಜಿ" ಎನ್ನಲಿಲ್ಲ, ಇಬ್ಬರು "ಉಮಿ" ಎಂದರು. ಅವರಿಗೆ ಉಮಿ ಅಂದರೆ ದುಡ್ಡು. ಸುಟ್ಟು ಮಿಕ್ಕಿದ್ದನ್ನು ಮಾರಬಹುದು. ನಿಮ್ಮ ಸಾಲಿನಲ್ಲಿ ಆ ಪದವೇ ಇಲ್ಲ. "ಸೀನಿಯರ್ ಕನ್ಸಲ್ಟೆಂಟ್" ಎನ್ನುವುದು ಕಂಪನಿಯೊಳಗಿನ ಮೆಟ್ಟಿಲು. ಒಬ್ಬರೇ ಕೆಲಸ ಮಾಡುವಾಗ ಯಾರಿಗಿಂತ ಸೀನಿಯರ್? ಆ ಗೀಟುಗಳೂ ಬೇಡ. ಅವು ಪದಗಳನ್ನು ಬೇರೆ ಬೇರೆ ಮಾಡುತ್ತವೆ, ನೀವು ಏನು ಮಾಡುತ್ತೀರಿ ಎಂದು ಹೇಳುವ ಕ್ರಿಯಾಪದ ಎಲ್ಲೂ ಬರಲ್ಲ.

ಹೀಗೆ ನೋಡಿ: "ರೈಸ್ ಮಿಲ್ ಬಾಯ್ಲರ್‌ಗೆ ಉಮಿ ಯಾಕೆ ಜಾಸ್ತಿ ಹೋಗುತ್ತಿದೆ? ಅಳೆದು ತೋರಿಸುತ್ತೇನೆ. ಗಂಗಾವತಿ, ಸಿಂಧನೂರು, ಕಾರಟಗಿ."

ಯಾರಿಗೆ, ಏನು, ಎಲ್ಲಿ, ಮೂರೂ ಬಂತು. ಊರಿನ ಹೆಸರು ಬಿಡಬೇಡಿ. ಮಾಲೀಕ ಮೊದಲು ನೋಡುವುದು ನೀವು ಬಂದು ಹೋಗುವಷ್ಟು ಹತ್ತಿರ ಇದ್ದೀರಾ ಎಂದು. ಇದು ಸುಮಾರು 95 ಅಕ್ಷರ. ವಾಟ್ಸಾಪ್‌ನ About ಜಾಗಕ್ಕೆ ಮಿತಿ 139, ಅಲ್ಲೂ ಹಿಡಿಸುತ್ತದೆ. ಕನ್ನಡದಲ್ಲಿ ಎಣಿಸುವಾಗ ಹುಷಾರು. "ಸ್ಟೀಮ್" ಕಣ್ಣಿಗೆ ಎರಡೇ ಅಕ್ಷರ, ಫೋನ್ ಲೆಕ್ಕದಲ್ಲಿ ಆರು. ಒತ್ತು, ಕೊಂಬು, ದೀರ್ಘ ಎಲ್ಲವನ್ನೂ ಅದು ಬೇರೆ ಬೇರೆ ಎಣಿಸುತ್ತದೆ.

ನನಗೆ ಚಿಂತೆ ಇರುವುದು 30% ಗ್ಯಾರಂಟಿ ಬಗ್ಗೆ. ಅದು ಎಲ್ಲಿಂದ ಬಂತು? ಎಷ್ಟು ಮಿಲ್‌ನಲ್ಲಿ ಅಳೆದಿದ್ದೀರಿ?

ಶಿವಾನಂದ: ಒಂದು ಮಿಲ್‌ನಲ್ಲಿ ಮೇಡಂ. ಅಲ್ಲಿ ಸ್ಟೀಮ್ ಸೋರಿಕೆ ಬಹಳ ಇತ್ತು. ಡ್ರೈಯರ್‌ನಿಂದ ಬರುವ ಬಿಸಿನೀರನ್ನು ಚರಂಡಿಗೆ ಬಿಡುತ್ತಿದ್ದರು. ಸೋರಿಕೆ ನಿಲ್ಲಿಸಿದೆವು, ಆ ನೀರನ್ನು ಫೀಡ್ ಟ್ಯಾಂಕಿಗೆ ತಿರುಗಿಸಿದೆವು. 35 ಡಿಗ್ರಿ ಇದ್ದ ನೀರು 75ಕ್ಕೆ ಬಂತು. ಟ್ರ್ಯಾಕ್ಟರ್ ಲೋಡ್ ಲೆಕ್ಕದಲ್ಲಿ ಉಮಿ 30% ಕಡಿಮೆ ಆಯಿತು.

ವೆಂಕಟೇಶ, ಪೀಣ್ಯ: ಇದು ಅಷ್ಟಕ್ಕೆ ಬರಲ್ಲ ಸರ್. ಫೀಡ್ ನೀರು 6 ಡಿಗ್ರಿ ಏರಿದರೆ ಸುಮಾರು 1% ಇಂಧನ ಉಳಿಯುತ್ತದೆ. ನಿಮ್ಮ 40 ಡಿಗ್ರಿಗೆ 6ರಿಂದ 7% ಆಯಿತು. ಮಿಕ್ಕದ್ದು ಸೋರಿಕೆಯಿಂದಲೋ, ಉಮಿ ಒಣಗಿದ್ದರಿಂದಲೋ? ಟ್ರ್ಯಾಕ್ಟರ್ ಲೋಡ್ ಅಳತೆ ಅಲ್ಲ. ಮಳೆಗಾಲದ ಉಮಿಗೂ ಬೇಸಿಗೆಯ ಉಮಿಗೂ ತೇವದಲ್ಲಿ ವ್ಯತ್ಯಾಸ ಇದೆ.

ಪ್ರಭಾಕರ, ದಾವಣಗೆರೆ: ನನಗೂ ಮಿಲ್ ಇದೆ. ಸ್ಟೀಮ್ ಎಲ್ಲ ನೀರಾಗಿ ವಾಪಸ್ ಬಂದರೆ 30 ಏನು, 40 ಕೂಡ ಆಗುತ್ತದೆ.

ವೆಂಕಟೇಶ: ಎಲ್ಲ ಹೇಗೆ ವಾಪಸ್ ಬರುತ್ತದೆ? ಭತ್ತ ಬೇಯಿಸುವಾಗ ಸ್ಟೀಮ್ ನೇರ ಭತ್ತದೊಳಗೆ ಹೋಗುತ್ತದೆ. ಅದು ಹೋಯಿತು ಅಷ್ಟೇ. ಡ್ರೈಯರ್ ಕೊಳವೆಯಲ್ಲಿ ಹರಿದದ್ದು ಮಾತ್ರ ವಾಪಸ್ ಸಿಗುತ್ತದೆ.

ಪ್ರಭಾಕರ: ನೀವು ಪೀಣ್ಯದಲ್ಲಿ ಕೂತು ಹೇಳುತ್ತೀರಿ. ಮಿಲ್ ನಡೆಸುವವರು ನಾವು.

ವೆಂಕಟೇಶ: ಮಿಲ್ ನಡೆಸುತ್ತೀರಿ ಸರಿ. ಆ ನೀರಿಗೆ ಮೀಟರ್ ಹಾಕಿದ್ದೀರಾ?

ಸುಜಾತಾ: ಈ ಜಗಳ ಶಿವಾನಂದ ಅವರಿಗೆ ಉಪಯೋಗಕ್ಕೇ ಬರುತ್ತದೆ, ಆದರೆ ಇಲ್ಲಿ ಮುಂದುವರಿಸಬೇಡಿ. ಸರ್, ಗುಂಪಿನೊಳಗೇ ಹತ್ತು ನಿಮಿಷದಲ್ಲಿ ನಿಮ್ಮ 30 ಪ್ರಶ್ನೆಗೆ ಸಿಕ್ಕಿತು. ಮಿಲ್ ಮಾಲೀಕನ ಪಕ್ಕದಲ್ಲೂ ಒಬ್ಬ ವೆಂಕಟೇಶ ಇರುತ್ತಾನೆ. ಗ್ಯಾರಂಟಿ ಎಂದು ಬರೆದ ಮೇಲೆ ಅದು ಮಾತು ಕೊಟ್ಟ ಹಾಗೆ. ಮುಂದಿನ ಮಿಲ್‌ನಲ್ಲಿ 8% ಮಾತ್ರ ಉಳಿದರೆ ಬಿಲ್ಲಿನ ದುಡ್ಡು ನಿಲ್ಲುತ್ತದೆ. ನೀವು ಒಳ್ಳೆಯ ಕೆಲಸ ಮಾಡಿಯೂ ಸುಳ್ಳುಗಾರ ಅನ್ನಿಸಿಕೊಳ್ಳುತ್ತೀರಿ. ನನಗೆ ಅದೇ ಭಯ.

ಅಂಕಿ ಬೇಕೇ ಬೇಕೆಂದರೆ ಮೊದಲು ಅಳೆಯಿರಿ. ಒಂದು ಟನ್ ಸ್ಟೀಮ್‌ಗೆ ಎಷ್ಟು ಕಿಲೋ ಉಮಿ ಎಂದು, ಕೆಲಸಕ್ಕೆ ಮೊದಲು ಒಂದು ವಾರ, ಆಮೇಲೆ ಒಂದು ವಾರ. ಉಮಿಯನ್ನು ತೂಕದ ಸೇತುವೆಯಲ್ಲಿ ತೂಗಿ. ಆಗ "ಇಂಥ ಮಿಲ್‌ನಲ್ಲಿ ಇಷ್ಟಿತ್ತು, ಇಷ್ಟಾಯಿತು" ಎಂದು ಕೋಟ್ ಜೊತೆ ಬರೆಯಬಹುದು. ಪರಿಚಯದ ಸಾಲಿನಲ್ಲಿ ಬೇಡ.

ಶಿವಾನಂದ: ಒಪ್ಪಿದೆ ಮೇಡಂ. "ಬಾಯ್ಲರ್ ಇನ್ಸ್‌ಪೆಕ್ಷನ್" ಎಂದು ಸೇರಿಸಬಹುದಾ?

ಸುಜಾತಾ: ಬೇಡ. ಬಾಯ್ಲರ್ ಇನ್ಸ್‌ಪೆಕ್ಟರ್ ಎನ್ನುವುದು ಸರ್ಕಾರಿ ಹುದ್ದೆ. ಆ ಪದ ನೋಡಿದರೆ ಸರ್ಟಿಫಿಕೇಟ್ ನೀವೇ ಕೊಡುತ್ತೀರಿ ಎಂದುಕೊಳ್ಳುತ್ತಾರೆ.

ಗಿರೀಶ, ಹುಬ್ಬಳ್ಳಿ: ನಾನು ಬಿಇಇ ಪರೀಕ್ಷೆಯಲ್ಲಿ ಎನರ್ಜಿ ಮ್ಯಾನೇಜರ್ ಪಾಸ್. ಆಡಿಟ್ ಮಾಡುತ್ತೇನೆ, ಹಾಗಾಗಿ ಸಹಿಯಲ್ಲಿ "ಸರ್ಟಿಫೈಡ್ ಎನರ್ಜಿ ಆಡಿಟರ್" ಎಂದು ಹಾಕಿದ್ದೇನೆ. ಪರವಾಗಿಲ್ಲ ಅಲ್ವಾ?

ಸುಜಾತಾ: ಪರವಾಗಿದೆ. ಇವತ್ತೇ ತೆಗೆಯಿರಿ.

ವೆಂಕಟೇಶ: ಮ್ಯಾನೇಜರ್‌ಗೆ ಮೂರು ಪೇಪರ್, ಆಡಿಟರ್‌ಗೆ ನಾಲ್ಕು. ನಾಲ್ಕನೆಯದನ್ನು ಬರೆದವರಿಗೆ ಅವಮಾನ ಮಾಡಿದ ಹಾಗಾಗುತ್ತದೆ.

ಗಿರೀಶ: ಕೆಲಸ ಬರುತ್ತದಲ್ಲ, ಅದು ಮುಖ್ಯ. ಎಲ್ಲರೂ ಹಾಕುತ್ತಾರೆ.

ವೆಂಕಟೇಶ: ಎಲ್ಲರೂ ಹಾಕಲ್ಲ. ನಾನು ಹಾಕಿಲ್ಲ.

ಅನಿತಾ, ಶಿವಮೊಗ್ಗ: ನಾನು ವಕೀಲೆ. ನನಗೂ ಹೀಗೆ ಆಕರ್ಷಕ ಸಾಲು ಬರೆದುಕೊಡಿ ಮೇಡಂ.

ಸುಜಾತಾ: ನಿಮಗೆ ಬರೆಯಲ್ಲ ಅನಿತಾ ಅವರೇ. ಬಾರ್ ಕೌನ್ಸಿಲ್‌ನ 36ನೇ ನಿಯಮ ಓದಿ, ವಕೀಲರು ಜಾಹೀರಾತು ಕೊಡುವ ಹಾಗಿಲ್ಲ. ಸಿಎ ಆದವರೂ ತಮ್ಮ ಸಂಸ್ಥೆಯ ನೀತಿ ಸಂಹಿತೆ ಮೊದಲು ನೋಡಬೇಕು.

ರೇಖಾ: ಮೇಲ್ ಸಹಿಯಲ್ಲಿ ಫೋಟೊ ಹಾಕಬೇಕಾ?

ಶಿವಾನಂದ: ಮೇಲ್ ಕೆಳಗೂ ಇದೇ ಸಾಲು ಹಾಕಲಾ ಮೇಡಂ? ಈಗ ಲೋಗೊ ಇರುವ ದೊಡ್ಡ ಚಿತ್ರ ಇದೆ, ಮಗ ಮಾಡಿಕೊಟ್ಟದ್ದು.

ಸುಜಾತಾ: ಎರಡರ ಕೆಲಸ ಬೇರೆ ಸರ್. ಪರಿಚಯದ ಸಾಲನ್ನು ನಿಮ್ಮನ್ನು ಗೊತ್ತಿಲ್ಲದವರು ಓದುತ್ತಾರೆ. ಸಹಿ ನೋಡುವವರ ಕೈಯಲ್ಲಿ ನಿಮ್ಮ ಮೇಲ್ ಆಗಲೇ ಇರುತ್ತದೆ. ಆದರೆ ಯೋಚಿಸಿ, ನೀವು ಮೇಲ್ ಕಳಿಸುವುದು ಯಾರಿಗೆ? ಮಿಲ್‌ನ ಸೂಪರ್‌ವೈಸರ್‌ಗೋ ಲೆಕ್ಕದವರಿಗೋ. ಅವರು ಅದನ್ನು ಮಾಲೀಕರಿಗೆ ಫಾರ್ವರ್ಡ್ ಮಾಡುತ್ತಾರೆ. ದುಡ್ಡು ಕೊಡುವವರು ನಿಮ್ಮನ್ನು ಕಂಡೇ ಇರಲ್ಲ, ಫೋನಿನಲ್ಲಿ ಓದುತ್ತಾರೆ. ನಿಮ್ಮ ಸಹಿ ಆ ಮೂರನೆಯ ಮನುಷ್ಯನಿಗೆ. ಅವರಿಗೆ ಪ್ರಶ್ನೆ ಬೇಡ, ನೀವು ಯಾವ ಕೆಲಸದವರು ಎಂದು ನೇರವಾಗಿ ಗೊತ್ತಾಗಬೇಕು.

```
-- 
ಶಿವಾನಂದ, ಗಂಗಾವತಿ
ರೈಸ್ ಮಿಲ್ ಬಾಯ್ಲರ್: ಉಮಿ ಖರ್ಚಿನ ಅಳತೆ, ಸ್ಟೀಮ್ ಸೋರಿಕೆ ಪತ್ತೆ
ಫೋನ್ ನಂಬರ್ (ಬೆಳಗ್ಗೆ 9ರಿಂದ ಸಂಜೆ 6)
```

ಮೇಲೆ ಎರಡು ಅಡ್ಡಗೆರೆ, ಒಂದು ಖಾಲಿ ಜಾಗ ಇದೆಯಲ್ಲ, ಅದು ಹಳೆಯ ಪದ್ಧತಿ. ಇಲ್ಲಿಂದ ಕೆಳಗೆ ಸಹಿ ಎಂದು ಕೆಲವು ಮೇಲ್ ಪ್ರೋಗ್ರಾಂಗಳು ಇದರಿಂದ ಗುರುತಿಸುತ್ತವೆ. ಜಿಮೇಲ್ ತಾನೇ ಹಾಕುತ್ತದೆ.

ಚಿತ್ರ ತೆಗೆಯಿರಿ, ಮಗನಿಗೆ ಬೇಜಾರಾದರೂ ಸರಿ. ಎಷ್ಟೋ ಕಡೆ ಚಿತ್ರ ತೆರೆಯುವುದೇ ಇಲ್ಲ, ಖಾಲಿ ಚೌಕ ಕಾಣುತ್ತದೆ. ಚಿತ್ರದೊಳಗಿನ ನಂಬರನ್ನು ಒತ್ತಿ ಫೋನ್ ಮಾಡೋಕೆ ಆಗಲ್ಲ. ಆರು ತಿಂಗಳು ಫೋನ್ ಬರದಿದ್ದಕ್ಕೆ ಅದೂ ಒಂದು ಕಾರಣ ಇರಬಹುದು.

ಇನ್ನೊಂದು. ನೀವು ಸೈಟಿನಲ್ಲಿದ್ದಾಗ ಫೋನಿನಿಂದ ಉತ್ತರ ಕಳಿಸುತ್ತೀರಿ ಅಲ್ವಾ? ಜಿಮೇಲ್ ಆ್ಯಪ್‌ನಲ್ಲಿ `Mobile signature` ಎಂದು ಬೇರೆಯೇ ಇದೆ. ಕಂಪ್ಯೂಟರ್‌ನಲ್ಲಿ ಬದಲಿಸಿ ಇದನ್ನು ಮರೆತರೆ ಹಳೆಯ 30% ಗ್ಯಾರಂಟಿ ಫೋನಿನಿಂದ ಹೋಗುತ್ತಲೇ ಇರುತ್ತದೆ.

ಶಿವಾನಂದ: ನೋಡಿದೆ ಮೇಡಂ, ಹಳೆಯದೇ ಇತ್ತು. ಬದಲಿಸಿದೆ. ಆದರೆ ಕಂಪ್ಯೂಟರ್‌ನಲ್ಲಿ ನುಡಿಯಲ್ಲಿ ಟೈಪ್ ಮಾಡಿ ಅಂಟಿಸಿದರೆ ಇಂಗ್ಲಿಷ್ ಅಕ್ಷರ, ಚಿಹ್ನೆ ಎಲ್ಲ ಕಲಸಿ ಬರುತ್ತಿದೆ.

ಸುಜಾತಾ: ನುಡಿಯ ಹಳೆಯ ಫಾಂಟ್‌ನಲ್ಲಿ ಟೈಪ್ ಆಗಿದೆ. ಯೂನಿಕೋಡ್ ಆಯ್ಕೆ ಮಾಡಿ ಮತ್ತೆ ಟೈಪ್ ಮಾಡಿ. ಆಮೇಲೆ ನುಡಿ ಇಲ್ಲದ ಯಾರದಾದರೂ ಫೋನಿಗೆ ಮೇಲ್ ಕಳಿಸಿ ನೋಡಿ. ನಿಮ್ಮ ಕಂಪ್ಯೂಟರ್‌ನಲ್ಲಿ ಸರಿ ಕಂಡರೆ ಸಾಕಾಗಲ್ಲ.

ರೇಖಾ: ಮೇಡಂ, ಫೋಟೊ? ಎರಡನೇ ಸಲ ಕೇಳುತ್ತಿದ್ದೇನೆ.

ಬಸವರಾಜ, ಬಳ್ಳಾರಿ: ಲಿಂಕ್ಡ್‌ಇನ್‌ಗೆ ಎಷ್ಟು ಅಕ್ಷರ?

ಸುಜಾತಾ: ಮೇಲೆ ಹೇಳಿದ್ದೇನೆ.

ಮಂಜುನಾಥ: ಇನ್ನೊಂದು ಬಂತು, "ಸಹಿಯಲ್ಲಿ ದಿನಕ್ಕೊಂದು ಸುಭಾಷಿತ ಹಾಕಿದರೆ ಗ್ರಾಹಕರಿಗೆ ನಂಬಿಕೆ..."

ಸುಜಾತಾ: ಮಂಜುನಾಥ ಅವರೇ, ನಿಮ್ಮ ಸ್ವಂತ ಸಾಲು ಇದ್ದರೆ ಹಾಕಿ, ಖಂಡಿತ ನೋಡುತ್ತೇನೆ. ಫಾರ್ವರ್ಡ್ ಇನ್ನು ಬೇಡ. ಇವನ್ನು ನಂಬಿ ಜನ ಬರೆದದ್ದನ್ನು ಆಮೇಲೆ ಕೂತು ಬಿಡಿಸುವವಳು ನಾನು.

ಮಂಜುನಾಥ: ಒಳ್ಳೆಯದಕ್ಕೆ ಹಾಕಿದ್ದು ಮೇಡಂ. ಇಷ್ಟು ಗಟ್ಟಿಯಾಗಿ ಹೇಳಬೇಕಿರಲಿಲ್ಲ.

ಪ್ರಭಾಕರ: ಹೌದು, ಇಲ್ಲಿ ಬುದ್ಧಿವಂತರು ಇಬ್ಬರೇ.

ವೆಂಕಟೇಶ: ಮೀಟರ್ ಬಗ್ಗೆ ಉತ್ತರ ಇನ್ನೂ ಬಂದಿಲ್ಲ ಪ್ರಭಾಕರ ಅವರೇ.

ಶಿವಾನಂದ: ವೆಂಕಟೇಶ ಸರ್, ಆ ಮಿಲ್‌ಗೆ ಬರುವ ವಾರ ಮತ್ತೆ ಹೋಗುತ್ತೇನೆ. ತೂಕದ ಸೇತುವೆ ಪಕ್ಕದಲ್ಲೇ ಇದೆ, ಉಮಿ ತೂಗಿಸುತ್ತೇನೆ. ಸ್ಟೀಮ್ ಮೀಟರ್ ಅಲ್ಲಿಲ್ಲ. ಫೀಡ್ ಟ್ಯಾಂಕಿನ ನೀರಿನ ಮಟ್ಟದಿಂದ ಲೆಕ್ಕ ಹಾಕಿದರೆ ಒಪ್ಪುತ್ತೀರಾ?

ವೆಂಕಟೇಶ: ಬ್ಲೋಡೌನ್ ನೀರು ಕಳೆದರೆ ಒಪ್ಪುತ್ತೇನೆ. ಟ್ಯಾಂಕಿನ ಅಳತೆ ಕಳಿಸಿ.