ಹಸಿ ಮೊಟ್ಟೆಯ ಬಿಳಿ ಕುಡಿದರೆ ಬಯೋಟಿನ್ ಕೊರತೆ ಆಗುತ್ತಾ?

ಜಿಮ್ ಹುಡುಗ, ದಾವಣಗೆರೆ: ಮೇಡಂ, ಕೆಲವು ತಿಂಗಳಿಂದ ದಿನಾ ಬೆಳಿಗ್ಗೆ ಎಂಟು ಹಸಿ ಮೊಟ್ಟೆಯ ಬಿಳಿಯನ್ನು ಬಿಸಿ ಹಾಲಿಗೆ ಹಾಕಿ ಕುಡಿಯುತ್ತಿದ್ದೇನೆ. ಹಳದಿ ತೆಗೆದುಬಿಡುತ್ತೇನೆ. ಈಗ ಕೂದಲು ಜಾಸ್ತಿ ಉದುರುತ್ತಿದೆ. ಹಸಿ ಬಿಳಿಯಲ್ಲಿರುವ ಅವಿಡಿನ್, ಬಯೋಟಿನ್ ಅನ್ನೋ ವಿಟಮಿನ್ ಕಿತ್ತುಕೊಳ್ಳುತ್ತೆ ಅಂತ ಗೆಳೆಯ ಹೇಳಿದ. ನಿಜಾನಾ? ನಿಲ್ಲಿಸಬೇಕಾ?

ಆಹಾರ ತಜ್ಞೆ: ನಿಮ್ಮ ಗೆಳೆಯ ಹೇಳಿದ್ದು ನಿಜ. ಆದರೆ ಎಷ್ಟು ಕುಡಿದರೆ, ಎಷ್ಟು ದಿನ ಕುಡಿದರೆ ಅನ್ನುವುದರಲ್ಲೇ ಎಲ್ಲ ಇದೆ.

ಅವಿಡಿನ್ ಬಿಳಿಯಲ್ಲಿರುವ ಒಂದು ಪ್ರೋಟೀನ್. ಮರಿಗೆ ಸೋಂಕು ತಗಲದಂತೆ ಕೋಳಿ ಮಾಡಿಟ್ಟಿರುವ ಕಾವಲು ಅಂತ ತಿಳಿದವರು ಹೇಳುತ್ತಾರೆ. ಬಯೋಟಿನ್ ಇಲ್ಲದೆ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ, ಅದಕ್ಕೆ ಬಯೋಟಿನ್ ಕಂಡ ಕೂಡಲೇ ಹಿಡಿದುಕೊಳ್ಳುತ್ತದೆ. ಹಿಡಿತ ಎಂಥದ್ದು ಅಂದರೆ, ಒಮ್ಮೆ ಸಿಕ್ಕಿದರೆ ಹೊಟ್ಟೆಯ ಆಮ್ಲವಾಗಲಿ ಕರುಳಿನ ರಸವಾಗಲಿ ಬಿಡಿಸಲಾರವು. ಎರಡೂ ಜೊತೆಯಾಗಿ ಮಲದಲ್ಲಿ ಹೋಗಿಬಿಡುತ್ತವೆ.

ಲೆಕ್ಕ ನೋಡಿ. ಒಂದು ಬಿಳಿಯಲ್ಲಿ ಸುಮಾರು ಒಂದೂವರೆ ಮಿಲಿಗ್ರಾಂ ಅವಿಡಿನ್ ಇರುತ್ತದೆ. 1 ಮಿಲಿಗ್ರಾಂ ಸುಮಾರು 14 ಮೈಕ್ರೋಗ್ರಾಂ ಬಯೋಟಿನ್ ಹಿಡಿಯಬಲ್ಲದು. ಅಂದರೆ ಒಂದು ಬಿಳಿಗೆ 20ರ ಆಸುಪಾಸು, ಎಂಟಕ್ಕೆ 160ರಷ್ಟು. ದೊಡ್ಡವರಿಗೆ ದಿನಕ್ಕೆ ಬೇಕು ಅಂತ ಅಮೆರಿಕದಲ್ಲಿ ಇಟ್ಟಿರುವ ಅಳತೆ 30 ಮೈಕ್ರೋಗ್ರಾಂ. ಕಾಗದದ ಮೇಲೆ ನೀವು ಕುಡಿಯುವ ಬಿಳಿ ದಿನದ ಬಯೋಟಿನ್ನಿನ ಐದು ಪಟ್ಟು ನುಂಗಬಲ್ಲದು.

ಹಾಗಾದರೆ ಎರಡು ಹಸಿ ಮೊಟ್ಟೆ ಕುಡಿದವರಿಗೆಲ್ಲ ಕೊರತೆ ಬರಬೇಕಿತ್ತಲ್ಲ? ಬರುವುದಿಲ್ಲ. ಯಾಕೆಂದರೆ ಅವಿಡಿನ್ ತನ್ನ ಜೊತೆ ಕರುಳಿನಲ್ಲಿ ಸಿಕ್ಕಿದ್ದನ್ನು ಮಾತ್ರ ಹಿಡಿಯುತ್ತದೆ. ಮಧ್ಯಾಹ್ನದ, ರಾತ್ರಿಯ ಊಟದ್ದು ಹೆಚ್ಚಾಗಿ ತಪ್ಪಿಸಿಕೊಳ್ಳುತ್ತದೆ. ದೇಹವೂ ಒಮ್ಮೆ ಬಳಸಿದ ಬಯೋಟಿನ್ನನ್ನು ಬಿಸಾಡದೆ ಮತ್ತೆ ಮತ್ತೆ ಬಳಸುತ್ತದೆ. ಆದ್ದರಿಂದ ಅಪರೂಪಕ್ಕೆ ಒಂದೆರಡು ಕುಡಿದರೆ ಏನೂ ಆಗುವುದಿಲ್ಲ. ದಿನಾ ಎಂಟು, ತಿಂಗಳುಗಟ್ಟಲೆ, ಅದೂ ಹಳದಿ ಬಿಟ್ಟು ಅಂದರೆ ನಾನು ಬೇಡ ಅಂತಲೇ ಹೇಳುತ್ತೇನೆ.

ಕೋಳಿ ಸಾಕುವವರು, ಮಾಗಡಿ: ಫಾರಂ ಮೊಟ್ಟೆ ಹಸಿ ಕುಡಿದರೆ ತೊಂದರೆ ಆಗೇ ಆಗುತ್ತೆ ತಮ್ಮಾ. ನಮ್ಮ ನಾಟಿ ಕೋಳಿ ಮೊಟ್ಟೆ ಅದೇ ದಿನ ಇಟ್ಟಿದ್ದು ಕುಡಿ, ಒಂದು ರೋಗ ಬರಲ್ಲ. ಬೇಕಾದ್ರೆ ಕಳಿಸ್ಕೊಡ್ತೀನಿ.

ಆಹಾರ ತಜ್ಞೆ: ಅಣ್ಣಾ, ನೀವು ಹೇಳುತ್ತಿರುವುದು ಸಾಲ್ಮೊನೆಲ್ಲಾ ಥರದ ಸೋಂಕಿನ ಮಾತು. ಅದಕ್ಕೆ ತಾಜಾತನ, ಚೊಕ್ಕತನ ಮುಖ್ಯ, ಒಪ್ಪುತ್ತೇನೆ. ಆದರೆ ಅದೇ ದಿನ ಇಟ್ಟ ನಾಟಿ ಮೊಟ್ಟೆಯಲ್ಲೂ ಅವಿಡಿನ್ ಇದ್ದೇ ಇರುತ್ತದೆ. ಅದು ಕೊಳೆ ಅಲ್ಲ, ಮೊಟ್ಟೆಯದೇ ಸರಕು.

ಜಿಮ್ ತರಬೇತುದಾರ: ಇದರಲ್ಲಿ ತಲೆಕೆಡಿಸಿಕೊಳ್ಳುವಂಥದ್ದೇನಿಲ್ಲ. ಹಳದಿಯಲ್ಲೇ ಬಯೋಟಿನ್ ಇದೆ. ಇಡೀ ಮೊಟ್ಟೆ ಕುಡಿದರೆ ಸರಿಹೋಗುತ್ತೆ. ಇಲ್ಲಾಂದ್ರೆ ಪ್ಯಾಕೆಟ್‌ನಲ್ಲಿ ಪಾಶ್ಚರೀಕರಿಸಿದ ಬಿಳಿ ಬರುತ್ತಲ್ಲ, ಅದು ತಗೊಂಡ್ರೆ ಆಯ್ತು. ಬಿಸಿ ಮಾಡಿರ್ತಾರೆ.

ಆಹಾರ ತಜ್ಞೆ: ಅರ್ಧ ಸರಿ ಸರ್. ಹಳದಿಯಲ್ಲಿ ಬಯೋಟಿನ್ ಇರುವುದು ನಿಜ. ಆದರೆ ಒಂದು ಇಡೀ ಮೊಟ್ಟೆಯಲ್ಲಿ ಇರುವುದು ಸುಮಾರು 10 ಮೈಕ್ರೋಗ್ರಾಂ. ಅದರ ಬಿಳಿ ಹಿಡಿಯಬಲ್ಲದ್ದು ಅದರ ಎರಡು ಪಟ್ಟು. ಹಸಿಯಾಗಿ ಕುಡಿದರೆ ಬಿಳಿ ಮಾಡಿದ ಸಾಲ ಹಳದಿಯಿಂದ ತೀರುವುದಿಲ್ಲ.

ಇನ್ನು ಪ್ಯಾಕೆಟ್ ಬಿಳಿ. ಅದನ್ನು ಬಿಸಿ ಮಾಡುವುದು 57 ಡಿಗ್ರಿ ಆಸುಪಾಸು, ಕೆಲವೇ ನಿಮಿಷ. ಅದಕ್ಕಿಂತ ಹೆಚ್ಚಿಸಿದರೆ ಬಿಳಿ ಗಟ್ಟಿಯಾಗಿಬಿಡುತ್ತದಲ್ಲ. ಆ ಶಾಖಕ್ಕೆ ಸಾಲ್ಮೊನೆಲ್ಲಾ ಸಾಯುತ್ತದೆ. ಅವಿಡಿನ್ ಮುರಿಯುವುದು 85ರ ಹತ್ತಿರ, ಹಾಗಾಗಿ ಅದು ಹಾಗೇ ಉಳಿಯುತ್ತದೆ. ಪ್ಯಾಕೆಟ್ ಬಿಳಿ ಸೋಂಕು ತಡೆಯಲು ಒಳ್ಳೆಯದು, ಬಯೋಟಿನ್ ವಿಷಯಕ್ಕೆ ಹಸಿಯೇ.

ಹುಡುಗನ ಬಿಸಿ ಹಾಲೂ ಹಾಗೇ. ಕುಡಿಯುವ ಬಿಸಿಗೆ ಇಳಿಸಿದ ಲೋಟದ ಹಾಲಿಗೆ ಎಂಟು ತಣ್ಣನೆಯ ಬಿಳಿ ಬಿದ್ದರೆ ಶಾಖ ಇನ್ನೂ ಇಳಿಯುತ್ತದೆ. ಅಲ್ಲಲ್ಲಿ ಬಿಳಿ ಎಳೆ ಕಾಣಬಹುದು. ಅದು ಬೆಂದಂತಲ್ಲ.

ಜಿಮ್ ಹುಡುಗ, ದಾವಣಗೆರೆ: ಹಾಗಾದ್ರೆ ಹಾಫ್ ಬಾಯ್ಲ್? ರಾತ್ರಿ ಗಾಡಿಯಲ್ಲಿ ತಿನ್ನೋದು ಅದೇ.

ಆಹಾರ ತಜ್ಞೆ: 1991ರಲ್ಲಿ ಬೇಯಿಸಿದ ಬಿಳಿಯಲ್ಲಿ ಎಷ್ಟು ಅವಿಡಿನ್ ಉಳಿದಿದೆ ಅಂತ ಅಳೆದು ನೋಡಿದ್ದರು. ಎರಡು ನಿಮಿಷ ಕುದಿಸಿದ ಮೊಟ್ಟೆಯಲ್ಲಿ 40%, ಎಣ್ಣೆಯಲ್ಲಿ ಕರಿದದ್ದರಲ್ಲಿ 33%, ಒಡೆದು ಬಿಸಿ ನೀರಿಗೆ ಬಿಟ್ಟು ಬೇಯಿಸಿದ್ದರಲ್ಲಿ 71% ಉಳಿದಿತ್ತು. ನೋಡಲು ಬಿಳಿ ಗಟ್ಟಿಯಾಗಿರುತ್ತದೆ, ಅವಿಡಿನ್ ಪೂರ್ತಿ ಹೋಗಿರುವುದಿಲ್ಲ. ಗಟ್ಟಿಯಾಗಿ ಬೇಯಿಸಿದ ಮೊಟ್ಟೆ, ಒದ್ದೆ ಉಳಿಯದಂತೆ ಹುರಿದ ಬುರ್ಜಿ ಆದರೆ ಚಿಂತೆಯೇ ಇಲ್ಲ. ಗಾಡಿಯ ಹಾಫ್ ಬಾಯ್ಲ್ ಒಂದೆರಡು ತಿಂದರೂ ಏನಾಗುವುದಿಲ್ಲ, ಲೆಕ್ಕ ಮೇಲೆ ಹೇಳಿದ್ದೇ.

ಗೃಹಿಣಿ, ಹಾಸನ: ನಾನು ಕೂದಲಿಗೆ ಅಂತ 10 ಮಿಲಿಗ್ರಾಂ ಬಯೋಟಿನ್ ಮಾತ್ರೆ ತಗೋತಿದ್ದೀನಿ ಮೇಡಂ. ದಿನಾ ಎರಡು ಬೇಯಿಸಿದ ಮೊಟ್ಟೆ ತಿಂತೀನಿ. ಮಾತ್ರೆ ಕೆಲಸ ಮಾಡದೆ ಹೋಗುತ್ತಾ? ಥೈರಾಯ್ಡ್ ಟೆಸ್ಟ್ ಬೇರೆ ಈ ಸಲ ಏನೋ ವಿಚಿತ್ರವಾಗಿ ಬಂದಿದೆ.

ಆಹಾರ ತಜ್ಞೆ: ಅಮ್ಮಾ, ಬೇಯಿಸಿದ ಮೊಟ್ಟೆ ಧಾರಾಳವಾಗಿ ತಿನ್ನಿ. 10 ಮಿಲಿಗ್ರಾಂ ಅಂದರೆ 10,000 ಮೈಕ್ರೋಗ್ರಾಂ. ಹಸಿ ಮೊಟ್ಟೆಯೇ ಆಗಿದ್ದರೂ ಅಷ್ಟನ್ನು ಹಿಡಿಯಲು ಆಗುವುದಿಲ್ಲ.

ನಿಮ್ಮ ಥೈರಾಯ್ಡ್ ವಿಷಯ ಮಾತ್ರ ಗಮನಿಸಬೇಕಾದ್ದು. ಲ್ಯಾಬಿನ ಅನೇಕ ಪರೀಕ್ಷೆಗಳಲ್ಲಿ ಅವಿಡಿನ್ನಿನ ನಂಟಿನ ಸ್ಟ್ರೆಪ್ಟವಿಡಿನ್ ಅನ್ನುವ ಪ್ರೋಟೀನ್ ಬಳಸುತ್ತಾರೆ. ಅದು ಬಯೋಟಿನ್ ಹಿಡಿಯುವ ಗುಣವನ್ನೇ ಉಪಯೋಗಿಸಿಕೊಂಡು ಅಳೆಯುವುದು. ರಕ್ತದಲ್ಲಿ ಮಾತ್ರೆಯ ಬಯೋಟಿನ್ ತುಂಬಿದ್ದರೆ ಅಳತೆ ತಪ್ಪುತ್ತದೆ. ಟಿಎಸ್‌ಎಚ್ ಸುಳ್ಳಾಗಿ ಕಡಿಮೆ, ಟಿ4 ಸುಳ್ಳಾಗಿ ಜಾಸ್ತಿ ಬರಬಹುದು. ಮಾತ್ರೆ ತಗೊಳ್ಳುತ್ತಿರುವುದನ್ನು ವೈದ್ಯರಿಗೆ ಮತ್ತು ಲ್ಯಾಬಿಗೆ ಹೇಳಿ. ಕನಿಷ್ಠ ಎರಡು ದಿನ ಮಾತ್ರೆ ಬಿಟ್ಟು ಮತ್ತೆ ಪರೀಕ್ಷೆ ಮಾಡಿಸಬಹುದಾ ಅಂತ ವೈದ್ಯರನ್ನೇ ಕೇಳಿ. ಈ ಒಂದು ವರದಿ ನೋಡಿ ಥೈರಾಯ್ಡ್ ಔಷಧಿ ಶುರು ಮಾಡುವುದು, ಬದಲಾಯಿಸುವುದು ಬೇಡ.

ಜಿಮ್ ತರಬೇತುದಾರ: ಗರಡಿಯ ಪೈಲ್ವಾನರು ಜೀವಮಾನವೆಲ್ಲ ಹಸಿ ಮೊಟ್ಟೆ ಕುಡಿದವರೇ. ಒಬ್ಬರಿಗೂ ಕೊರತೆ ಬಂದದ್ದು ಕೇಳಿಲ್ಲ. ಮನುಷ್ಯರಲ್ಲಿ ಇದು ನಿಜವಾಗಿ ಆಗಿದೆಯಾ, ಇಲ್ಲ ಇಲಿಗಳ ಕಥೆನಾ?

ಆಹಾರ ತಜ್ಞೆ: ಶುರುವಾದದ್ದು ಇಲಿಗಳಿಂದಲೇ. 1927ರಲ್ಲಿ ಲಂಡನ್ನಿನ ಲಿಸ್ಟರ್ ಸಂಸ್ಥೆಯಲ್ಲಿ ಮಾರ್ಗರೆಟ್ ಬೋವಾಸ್ ಅನ್ನುವವರು ಇಲಿಗಳಿಗೆ ಒಣಗಿಸಿದ ಹಸಿ ಬಿಳಿ ಕೊಟ್ಟು ನೋಡಿದರು. ಚರ್ಮ ಕೆಂಪಾಗಿ ಸಿಪ್ಪೆ ಎದ್ದಿತು, ಕೂದಲು ಉದುರಿತು. ಅವಿಡಿನ್ ಇದಕ್ಕೆ ಕಾರಣ ಅಂತ ತಿಳಿದದ್ದು 1940ರ ಸುಮಾರಿಗೆ ಟೆಕ್ಸಸ್‌ನಲ್ಲಿ.

1942ರಲ್ಲಿ ಸಿಡೆನ್‌ಸ್ಟ್ರಿಕರ್ ಮತ್ತು ಜೊತೆಗಾರರು ಅಮೆರಿಕದ ಜಾರ್ಜಿಯಾದಲ್ಲಿ ಮನುಷ್ಯರ ಮೇಲೇ ನೋಡಿದರು. ಬಯೋಟಿನ್ ಕಡಿಮೆ ಇರುವ ಊಟ, ಜೊತೆಗೆ ದಿನಕ್ಕೆ 200 ಗ್ರಾಂ ಒಣಗಿಸಿದ ಬಿಳಿ. ಒಂದು ಬಿಳಿಯ ನೀರು ತೆಗೆದರೆ ಉಳಿಯುವುದು 4 ಗ್ರಾಂ ಆಸುಪಾಸು. ಅಂದರೆ ದಿನಕ್ಕೆ ಐವತ್ತರಷ್ಟು ಮೊಟ್ಟೆಯ ಬಿಳಿ! ಮೂರು ನಾಲ್ಕು ವಾರಕ್ಕೆ ಚರ್ಮ ಒಣಗಿ ಹೊಟ್ಟಾಯಿತು. ಆಮೇಲೆ ಸುಸ್ತು, ಮೈ ನೋವು, ಮಂಕು, ಊಟ ಸೇರದಿರುವುದು. ಬಯೋಟಿನ್ ಚುಚ್ಚಿದ ಮೇಲೆ ಕೆಲವೇ ದಿನಗಳಲ್ಲಿ ಚೇತರಿಸಿಕೊಂಡರು.

ಐವತ್ತು ಯಾರೂ ಕುಡಿಯುವುದಿಲ್ಲ ಅಂತ ನೀವು ಹೇಳುತ್ತೀರಿ, ಗೊತ್ತು. ಅದಕ್ಕೆ ನನಗೆ ಹೆಚ್ಚು ಮುಖ್ಯ ಅನಿಸುವುದು 1968ರಲ್ಲಿ ವರದಿಯಾದ ಒಬ್ಬ ಮಹಿಳೆಯ ವಿಷಯ. ಅವರಿಗೆ ಲಿವರ್ ಸಿರೋಸಿಸ್ ಇತ್ತು. ದಿನಕ್ಕೆ ಆರು ಹಸಿ ಮೊಟ್ಟೆ ತಿನ್ನುತ್ತಾ ಬಂದಿದ್ದರು, ಒಂದೂವರೆ ವರ್ಷದಷ್ಟು ಕಾಲ. ಹೊಟ್ಟು ಏಳುವ ಚರ್ಮ, ಉರಿಯುವ ನಾಲಿಗೆ, ವಾಂತಿ, ಮಂಕು ಎಲ್ಲ ಬಂತು. ಬಯೋಟಿನ್ ಕೊಟ್ಟ ಮೇಲೆ ಇಳಿಯಿತು. ಆಕೆಗೆ ಮೊದಲೇ ಲಿವರ್ ಕೆಟ್ಟಿತ್ತು ಅನ್ನುವುದನ್ನೂ ಮರೆಯಬಾರದು. ಆರೋಗ್ಯವಂತ ಹುಡುಗನಿಗೆ ಎಷ್ಟು ದಿನಕ್ಕೆ ಎಷ್ಟು ಮೊಟ್ಟೆ ಅಂತ ಗೆರೆ ಎಳೆದು ಹೇಳಲು ಆಗುವುದಿಲ್ಲ. ಪೈಲ್ವಾನರನ್ನು ಯಾರೂ ಕೂರಿಸಿ ಅಳೆದಿಲ್ಲ ಸರ್, ಕೇಳಿಲ್ಲ ಅನ್ನುವುದು ಆಗಿಲ್ಲ ಅಂತ ಅಲ್ಲ. ಅವರು ಹಳದಿ ಎಸೆಯುತ್ತಿರಲಿಲ್ಲ, ಊಟವೂ ಗಟ್ಟಿಯಾಗಿತ್ತು ಅಲ್ವಾ?

ಜಿಮ್ ತರಬೇತುದಾರ: ಹಳದಿ ಎಸೆಯೋದು ಈಗಿನ ಹುಡುಗರ ಖಯಾಲಿ, ಅದು ಒಪ್ಪಿದೆ. ಪೈಲ್ವಾನರ ಮಾತು ಮಾತ್ರ ನಾನು ಬಿಡಲ್ಲ.

ಜಿಮ್ ಹುಡುಗ, ದಾವಣಗೆರೆ: ನನ್ನ ಕೂದಲು ಇದರಿಂದಲೇ ಉದುರುತ್ತಿದೆಯಾ ಅಂತ ಗೊತ್ತಾಗೋದು ಹೇಗೆ? ರಕ್ತ ಪರೀಕ್ಷೆ ಮಾಡಿಸಲಾ?

ಆಹಾರ ತಜ್ಞೆ: ರಕ್ತದ ಬಯೋಟಿನ್ ಅಳತೆ ಇದಕ್ಕೆ ಅಷ್ಟು ಉಪಯೋಗವಿಲ್ಲ. ಹಸಿ ಬಿಳಿ ತಿನ್ನಿಸಿ ಬೇಕೆಂದೇ ಕೊರತೆ ತಂದ ಅಧ್ಯಯನಗಳಲ್ಲೂ ರಕ್ತದ ಮಟ್ಟ ಇಳಿದು ಎಚ್ಚರಿಸಲಿಲ್ಲ. ಮೊದಲೇ ಸೂಚನೆ ಕೊಟ್ಟದ್ದು ಮೂತ್ರ. ಅದರಲ್ಲಿ 3-ಹೈಡ್ರಾಕ್ಸಿ ಐಸೊವಲೆರಿಕ್ ಆಮ್ಲ ಏರುತ್ತದೆ. ಬಯೋಟಿನ್ ಬೇಕಾದ ಒಂದು ಕಿಣ್ವ ಸುಮ್ಮನೆ ಕೂತಾಗ ಅದು ಅಡ್ಡದಾರಿಯಲ್ಲಿ ಹೊರಬೀಳುವುದು. ಆ ಪರೀಕ್ಷೆಯೂ ಎಲ್ಲ ಊರಿನಲ್ಲಿ ಸಿಗುವುದಿಲ್ಲ.

ನೀವು ಕನ್ನಡಿ ಮುಂದೆ ನಿಂತು ನೋಡಿಕೊಳ್ಳಿ. ಬಯೋಟಿನ್ ಕೊರತೆಯಲ್ಲಿ ಕೂದಲು ಎಲ್ಲ ಕಡೆ ತೆಳುವಾಗುತ್ತದೆ, ಹುಬ್ಬೂ ಉದುರಬಹುದು. ಕಣ್ಣು, ಮೂಗು, ಬಾಯಿ ಸುತ್ತ ಕೆಂಪಗೆ ಹೊಟ್ಟು ಏಳುವ ಗುಳ್ಳೆ ಇರುತ್ತದೆ. ಕೈಕಾಲು ಜುಮ್ಮೆನ್ನಬಹುದು. ಹಣೆಯ ಎರಡು ಬದಿ ಮಾತ್ರ ಹಿಂದಕ್ಕೆ ಹೋಗುತ್ತಿದ್ದರೆ ಅದು ಮನೆತನದ ಬಳುವಳಿ ಇರಬಹುದು. ತೂಕ ಇಳಿಸಲು ಊಟ ಕಡಿಮೆ ಮಾಡಿದ್ದರೂ ಉದುರುತ್ತದೆ.

ಇನ್ನೊಂದು ಮಾತು. ಹಸಿ ಕುಡಿಯುವುದು ಪ್ರೋಟೀನ್‌ಗಾಗಿ ಅಂದರೆ ಅದರಲ್ಲೂ ನಷ್ಟವೇ. 1998ರ ಒಂದು ಅಧ್ಯಯನದಲ್ಲಿ ಬೇಯಿಸಿದ ಮೊಟ್ಟೆಯ ಪ್ರೋಟೀನ್ 91%ರಷ್ಟು ಜೀರ್ಣವಾದರೆ ಹಸಿಯದು 51% ಮಾತ್ರ. ಎಂಟು ಹಸಿ ಬಿಳಿ ಕುಡಿದು ನಿಮಗೆ ಸಿಗುತ್ತಿರುವುದು ಬೇಯಿಸಿದ ನಾಲ್ಕೈದರಷ್ಟು.

ಜಿಮ್ ಹುಡುಗ, ದಾವಣಗೆರೆ: ಇದು ಯಾರೂ ಹೇಳಿರಲಿಲ್ಲ ಮೇಡಂ. ಹುಬ್ಬು ಸರಿಯಾಗೇ ಇದೆ, ಮುಖದಲ್ಲಿ ಗುಳ್ಳೆ ಇಲ್ಲ. ಹಣೆ ಬದಿಯಲ್ಲೇ ಹೋಗ್ತಿದೆ. ಅಪ್ಪನದೂ ಹಾಗೇ ಇತ್ತು.

ಆಹಾರ ತಜ್ಞೆ: ಹಾಗಿದ್ದರೆ ಬಯೋಟಿನ್ ಕೊರತೆಯ ಅನುಮಾನ ಕಡಿಮೆ. ಚರ್ಮದ ವೈದ್ಯರಿಗೆ ಒಮ್ಮೆ ತೋರಿಸಿ, ಹಸಿ ಬಿಳಿ ಕುಡಿಯುತ್ತಿದ್ದದ್ದನ್ನು ಅವರಿಗೂ ಹೇಳಿ. ಮೊಟ್ಟೆ ಬಿಡಬೇಡಿ, ಬೇಯಿಸಿ ತಿನ್ನಿ, ಎರಡಾದರೂ ಹಳದಿ ಸಮೇತ.

ಗೃಹಿಣಿ, ಹಾಸನ: ಮೇಡಂ, ನನ್ನ ಮಾತ್ರೆಯ ಡಬ್ಬಿ ಮೇಲೆ ಇದನ್ನೆಲ್ಲ ಬರೆದೇ ಇಲ್ಲವಲ್ಲ. ನಾಳೆ ಲ್ಯಾಬಿಗೆ ಕೇಳ್ತೀನಿ.