ಧನುರ್ವಾಯು: ಇಮ್ಯುನೊಗ್ಲಾಬ್ಯುಲಿನ್, ಮೆಟ್ರೊನಿಡಜೋಲ್ ಎರಡೂ ಕೊಟ್ಟಾಯಿತು, ಸೆಳೆತ ಯಾಕೆ ಹೆಚ್ಚುತ್ತಿದೆ?

ರಾತ್ರಿಪಾಳಿ
ನಾನು ಐಸಿಯುನಲ್ಲಿ ಕಿರಿಯ ವೈದ್ಯೆ. ರೋಗಿಗೆ 46 ವರ್ಷ, ತೂಕ 60 ಕೆಜಿ. ಒಂಬತ್ತು ದಿನದ ಹಿಂದೆ ಅಂಗಾಲಿಗೆ ಮರದ ಸಿಬಿರು ಚುಚ್ಚಿದೆ. ಅವರೇ ಕಿತ್ತು ಬಿಸಾಕಿದ್ದಾರೆ. ಮೊನ್ನೆಯಿಂದ ಬಾಯಿ ತೆರೆಯಲು ಆಗುತ್ತಿಲ್ಲ, ನಿನ್ನೆಯಿಂದ ಬೆನ್ನು ಬಿಲ್ಲಿನಂತೆ ಸೆಟೆಯುತ್ತಿದೆ. ಬಂದ ಕೂಡಲೇ 500 ಯೂನಿಟ್ ಇಮ್ಯುನೊಗ್ಲಾಬ್ಯುಲಿನ್ ಸ್ನಾಯುವಿಗೆ ಕೊಟ್ಟೆವು. ಮೆಟ್ರೊನಿಡಜೋಲ್ 500 ಮಿ.ಗ್ರಾಂ ಆರು ತಾಸಿಗೊಮ್ಮೆ ರಕ್ತನಾಳಕ್ಕೆ ಹೋಗುತ್ತಿದೆ. ಡಯಾಜೆಪಾಮ್ ಕೂಡ ಇದೆ. 24 ತಾಸಾಯಿತು, ಸೆಳೆತ ಮೊದಲಿಗಿಂತ ಜಾಸ್ತಿ. ಗಾಯದ ಬಾಯಿ ಮುಚ್ಚಿಕೊಂಡು ಒಣಗಿದೆ, ಎಕ್ಸ್‌ರೇನಲ್ಲಿ ಏನೂ ಇಲ್ಲ. ಇಮ್ಯುನೊಗ್ಲಾಬ್ಯುಲಿನ್ ಇನ್ನೊಮ್ಮೆ ಕೊಡಬೇಕಾ?

ಹಳೇಕೈ
500 ಯಾವ ಮೂಲೆಗೆ? ನಮ್ಮ ಕಾಲದಲ್ಲಿ 3000 ಯೂನಿಟ್‌ಗಿಂತ ಕಡಿಮೆ ಕೊಡುತ್ತಿರಲಿಲ್ಲ. ಇನ್ನೊಂದು ಡೋಸ್ ಹಾಕಿ, ಮೆಟ್ರೊನಿಡಜೋಲ್ ಬಿಟ್ಟು ಪೆನಿಸಿಲಿನ್‌ಗೆ ಬನ್ನಿ. ಮತ್ತೆ, ಆ ಗಾಯವನ್ನು ನಂಬಬೇಡಿ. ಒಣಗಿದ ಗಾಯವೇ ಮೋಸ ಮಾಡುವುದು.

ಸೈಕಲ್‌ಸವಾರ
ನನಗೂ ಹೋದ ತಿಂಗಳು ಮೊಳೆ ಚುಚ್ಚಿತ್ತು. ಒಂದು ಟಿಟಿ ಚುಚ್ಚಿಸಿಕೊಂಡೆ, ಏನೂ ಆಗಲಿಲ್ಲ. ಇವರಿಗೂ ಅದೇ ಕೊಟ್ಟರೆ ಆಯ್ತು ಅಲ್ವಾ?

ಅರಿವಳಿಕೆ
ಸವಾರರೇ, ಅದು ರೋಗ ಬರದಂತೆ ತಡೆಯುವ ಮಾತು. ಇಲ್ಲಿ ರೋಗ ಬಂದಾಗಿದೆ. ಲಸಿಕೆ ಕೆಲಸ ಶುರು ಮಾಡುವುದಕ್ಕೆ ವಾರಗಳು ಬೇಕು, ಈ ಸೆಳೆತಕ್ಕೆ ಅದು ಮದ್ದಲ್ಲ. ಆದರೂ ಇವರಿಗೆ ಲಸಿಕೆ ಕೊಡಲೇಬೇಕು, ಯಾಕೆಂದರೆ ಧನುರ್ವಾಯು ಬಂದು ಹೋದರೂ ಮೈಯಲ್ಲಿ ತಡೆಶಕ್ತಿ ಹುಟ್ಟುವುದಿಲ್ಲ. ಇಮ್ಯುನೊಗ್ಲಾಬ್ಯುಲಿನ್ ಕೊಟ್ಟ ಜಾಗ ಬಿಟ್ಟು ಬೇರೆ ಕಡೆ ಚುಚ್ಚಿ.

ರಾತ್ರಿಪಾಳಿ ಮೇಡಂ, ಸೆಳೆತ ಹೆಚ್ಚಿದ್ದು ಔಷಧ ಸೋತದ್ದಕ್ಕೆ ಗುರುತಲ್ಲ. ಇಮ್ಯುನೊಗ್ಲಾಬ್ಯುಲಿನ್ ಹಿಡಿಯುವುದು ಇನ್ನೂ ನರದೊಳಗೆ ಹೋಗದೆ ಹೊರಗೆ ತಿರುಗುತ್ತಿರುವ ವಿಷವನ್ನು ಮಾತ್ರ. ಒಳಗೆ ಸೇರಿದ್ದನ್ನು ಯಾವ ಡೋಸೂ ಎಳೆದು ತರುವುದಿಲ್ಲ. ಒಳಗೆ ಹೋದ ವಿಷ ಬೆನ್ನುಹುರಿ ಮುಟ್ಟುವವರೆಗೆ ಸೆಳೆತ ಏರುತ್ತಲೇ ಇರುತ್ತದೆ. ಹಾಗಾಗಿ ಇನ್ನೊಂದು ಡೋಸಿಗೆ ನಾನು ಓಡುವುದಿಲ್ಲ. ಹಳೇಕೈ ಸರ್ ಹೇಳಿದ 3000 ಹಳೆಯ ಪುಸ್ತಕಗಳಲ್ಲಿದೆ ನಿಜ, ಆದರೆ 500ಕ್ಕಿಂತ ಅದು ಮೇಲು ಎಂದು ಯಾರೂ ತೋರಿಸಿಲ್ಲ.

ಪೆನಿಸಿಲಿನ್ ಬೇಡ. ನರಗಳಿಗೆ ಲಗಾಮು ಹಾಕುವ ಗ್ಯಾಬಾವನ್ನೇ ಧನುರ್ವಾಯು ವಿಷ ತಡೆಯುತ್ತದೆ, ಪೆನಿಸಿಲಿನ್ ಕೂಡ ಅದಕ್ಕೇ ಅಡ್ಡ ಬರುತ್ತದೆ ಎಂಬ ಅನುಮಾನ ಹಳೆಯದು. 1985ರಲ್ಲಿ ಇಂಡೊನೇಷ್ಯಾದ ಹೋಲಿಕೆಯಲ್ಲಿ ಮೆಟ್ರೊನಿಡಜೋಲ್ ಪಡೆದವರಲ್ಲಿ ಸಾವು ಕಡಿಮೆ ಇತ್ತು. ಆಮೇಲಿನವುಗಳಲ್ಲಿ ಅಷ್ಟು ವ್ಯತ್ಯಾಸ ಕಾಣಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ.

ಆದರೆ ಗಾಯದ ವಿಷಯದಲ್ಲಿ ಸರ್ ಹೇಳಿದ್ದು ನೂರಕ್ಕೆ ನೂರು ಸರಿ. ಮರದ ಚೂರು ಎಕ್ಸ್‌ರೇನಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ, ಅಲ್ಟ್ರಾಸೌಂಡ್ ಮಾಡಿಸಿ. ಸತ್ತ ಮಾಂಸದೊಳಗೆ ರಕ್ತವೇ ಹರಿಯುವುದಿಲ್ಲ, ಹಾಗಿದ್ದಾಗ ಮೆಟ್ರೊನಿಡಜೋಲ್ ಅಲ್ಲಿಗೆ ಹೋಗುವುದಾದರೂ ಹೇಗೆ? ಗಾಳಿಯಿಲ್ಲದ ಆ ಗೂಡಿನಲ್ಲಿ ಕೂತು ಬ್ಯಾಕ್ಟೀರಿಯಾ ಹೊಸ ವಿಷ ಮಾಡುತ್ತಲೇ ಇರುತ್ತದೆ. ಗಾಯ ಬಿಡಿಸಿ, ಸತ್ತದ್ದನ್ನು ಕತ್ತರಿಸಿ ತೆಗೆಯಿರಿ, ಹೊಲಿಗೆ ಹಾಕಬೇಡಿ. ಕೆದಕುವಾಗ ಒಂದಿಷ್ಟು ವಿಷ ಹೊರಗೆ ಬಿಡುಗಡೆಯಾಗಬಹುದು, ಅದಕ್ಕೇ ಇಮ್ಯುನೊಗ್ಲಾಬ್ಯುಲಿನ್ ಮೊದಲು ಕೊಡುವುದು. ನೀವು ನಿನ್ನೆಯೇ ಕೊಟ್ಟಿದ್ದೀರಿ, ಕ್ರಮ ಸರಿಯಾಗಿದೆ.

ಈ ರಾತ್ರಿ ಜೀವ ಉಳಿಸುವುದು ಮಾತ್ರ ಸೆಳೆತದ ಹತೋಟಿ. ಮೂತ್ರಪಿಂಡ ಸರಿಯಿದ್ದರೆ ಡಯಾಜೆಪಾಮ್ ಜೊತೆಗೆ ಮೆಗ್ನೀಸಿಯಂ ಸಲ್ಫೇಟ್ ಸೇರಿಸಿ. ಕೆಜಿಗೆ 40 ಮಿ.ಗ್ರಾಂ ಲೆಕ್ಕದಲ್ಲಿ ಇವರಿಗೆ 2.4 ಗ್ರಾಂ, ಅರ್ಧ ತಾಸಿನಲ್ಲಿ. ಆಮೇಲೆ ತಾಸಿಗೆ 2 ಗ್ರಾಂ. ಮಂಡಿ ತಟ್ಟಿ ನೋಡುತ್ತಿರಿ. ಕಾಲು ಜಿಗಿಯುವುದು ನಿಂತರೆ ಡೋಸ್ ಜಾಸ್ತಿಯಾಗಿದೆ ಎಂದೇ ಲೆಕ್ಕ, ತಕ್ಷಣ ಇಳಿಸಿ. ಕ್ಯಾಲ್ಸಿಯಂ ಗ್ಲುಕೊನೇಟ್ ಕೈಗೆಟುಕುವಂತಿರಲಿ. ಮತ್ತೆ, ಮೆಗ್ನೀಸಿಯಂ ಇದೆ ಎಂದು ವೆಂಟಿಲೇಟರ್ ಬಿಟ್ಟುಕೊಡಬೇಡಿ. ವಿಯೆಟ್ನಾಂನ ಪರೀಕ್ಷೆಯಲ್ಲಿ ಅದು ಬೇರೆ ಔಷಧಗಳ ಅಗತ್ಯ ತಗ್ಗಿಸಿತು, ವೆಂಟಿಲೇಟರ್ ಅಗತ್ಯ ತಗ್ಗಿಸಲಿಲ್ಲ.

ಹಳೇಕೈ
ಪೆನಿಸಿಲಿನ್‌ನಿಂದ ಎದ್ದು ನಡೆದು ಹೋದವರನ್ನು ನಾನು ಕಣ್ಣಾರೆ ನೋಡಿದ್ದೇನೆ ಮಾರಾಯರೇ. ಇರಲಿ. ಇಮ್ಯುನೊಗ್ಲಾಬ್ಯುಲಿನ್‌ನಲ್ಲಿ ಸ್ವಲ್ಪ ಗಾಯದ ಸುತ್ತ ಚುಚ್ಚುವುದನ್ನೂ ಬಿಟ್ಟಿದ್ದೀರಾ?

ಅರಿವಳಿಕೆ
ಕೆಲವರು ಚುಚ್ಚುತ್ತಾರೆ ಸರ್. ಲಾಭ ಇದೆ ಎನ್ನುವುದಕ್ಕೆ ಗಟ್ಟಿ ಆಧಾರ ನನಗೆ ಸಿಕ್ಕಿಲ್ಲ.

ರಾತ್ರಿಪಾಳಿ
ನಾಲ್ಕು ದಿನದ ಸುದ್ದಿ. ಅಲ್ಟ್ರಾಸೌಂಡ್‌ನಲ್ಲಿ ಚೂರು ಸಿಕ್ಕಿತು, ಅಕ್ಕಿಕಾಳಿನಷ್ಟು ಉದ್ದ. ಸುತ್ತಲ ಮಾಂಸ ಕಪ್ಪಾಗಿತ್ತು, ತೆಗೆದು ಗಾಯ ತೆರೆದೇ ಬಿಟ್ಟಿದ್ದೇವೆ. ಆ ರಾತ್ರಿ ಸೆಳೆತದಲ್ಲಿ ಉಸಿರು ಸಿಕ್ಕಿಕೊಂಡಿತು, ವೆಂಟಿಲೇಟರ್‌ಗೆ ಹಾಕಿ ಮರುದಿನ ಟ್ರೇಕಿಯಾಸ್ಟಮಿ ಮಾಡಿದೆವು. ಮೆಗ್ನೀಸಿಯಂ ಮೇಲೆ ಡಯಾಜೆಪಾಮ್ ಅರ್ಧಕ್ಕೆ ಇಳಿದಿದೆ. ಈಗ ಹೊಸ ತಲೆನೋವು: ಬಿಪಿ ಒಮ್ಮೆ 200 ದಾಟುತ್ತದೆ, ಹತ್ತು ನಿಮಿಷಕ್ಕೆ 90ಕ್ಕೆ ಬೀಳುತ್ತದೆ.

ಅರಿವಳಿಕೆ
ಅದು ವಿಷ ಸ್ವಯಂಚಾಲಿತ ನರಗಳನ್ನು ಹಿಡಿದ ಗುರುತು. ಏರಿದಾಗ ದೀರ್ಘಕಾಲ ಕೆಲಸ ಮಾಡುವ ಬಿಪಿ ಔಷಧ ಕೊಡಬೇಡಿ, ಬಿದ್ದಾಗ ಮೇಲೆತ್ತುವುದು ಕಷ್ಟ. ಮೆಗ್ನೀಸಿಯಂ ಮುಂದುವರಿಸಿ. ಮಾರ್ಫಿನ್ ಶುರು ಮಾಡಿದ್ದೀರಾ?