ಸಹಾಯ ಬೇಕು: ತಿದ್ದಿದ ದಿನಾಂಕ ಹುಡುಕಿದರೆ ಸಿಗುತ್ತೆ, ಕಣ್ಣಿಗೆ ಮಾತ್ರ ಹಳೆಯದೇ ಕಾಣುತ್ತೆ

ಎಲ್ಲರಿಗೂ ನಮಸ್ಕಾರ. ನಮ್ಮ ಸಂಘದ ಸಭೆಯ ನೋಟಿಸ್ ಎರಡು ಪುಟದ ಪಿಡಿಎಫ್. ಸಭೆ 14ರಿಂದ 27ಕ್ಕೆ ಹೋಗಿದೆ, ಎರಡೂ ಪುಟದಲ್ಲಿ ತಿದ್ದಬೇಕು.

ಮೊದಲ ಪುಟ ನಿಜವಾದ ಅಕ್ಷರ. ಫೈಲಿನೊಳಗಿನ ಫಾಂಟಿನಲ್ಲಿ ಬಳಸಿದ ಅಕ್ಷರಗಳಷ್ಟೇ ಇದ್ದವು, 7 ಇರಲಿಲ್ಲ, ಹಾಗಾಗಿ ಅದೊಂದೇ ಬೇರೆ ರೂಪದಲ್ಲಿ ಬಂತು. ಪೂರ್ತಿ ಫಾಂಟ್ ಇನ್‌ಸ್ಟಾಲ್ ಮಾಡಿದ ಮೇಲೆ ಸರಿಹೋಯ್ತು.

ತೊಂದರೆ ಎರಡನೇ ಪುಟದ್ದು. ಅಕ್ಷರ ಸೆಲೆಕ್ಟ್ ಆಗುತ್ತೆ, ಎಡಿಟರ್‌ನಲ್ಲಿ 27 ಅಂತ ಬದಲಿಸಿದೆ. ಹುಡುಕಿದರೆ 27 ಸಿಗುತ್ತೆ, ಪ್ರಿಂಟ್‌ನಲ್ಲಿ 14! `pdffonts` ಆ ಪುಟಕ್ಕೆ `GlyphLessFont` ಒಂದನ್ನೇ ತೋರಿಸುತ್ತೆ, `pdfimages -list` ಇಡೀ ಪುಟದ 1654×2339 ಚಿತ್ರ ತೋರಿಸುತ್ತೆ. ಅಂದರೆ 200 ಡಿಪಿಐ ಸ್ಕ್ಯಾನ್, ಅದರ ಜೊತೆ ಓಸಿಆರ್‌ನ ಅದೃಶ್ಯ ಅಕ್ಷರ. ನಾನು ತಿದ್ದಿದ್ದು ಅದೃಶ್ಯ ಪದರವನ್ನು, ಕಾಣೋದು ಪಿಕ್ಸೆಲ್.

ಬಿಳಿ ಚೌಕ ಮುಚ್ಚಿ ಹೊಸದಾಗಿ ಟೈಪ್ ಮಾಡಿ ನೋಡಿದೆ. ಕಾಗದದ ಬಣ್ಣ ಬೂದು, ತೇಪೆ ಎದ್ದು ಕಾಣುತ್ತೆ, ಅಂಕಿಯ ಅಂಚೂ ಸುತ್ತಲಿನದಕ್ಕಿಂತ ಚೂಪು.

ಈಗ ಚಿತ್ರವನ್ನು ಹೊರತೆಗೆದು, ಅದೇ ಪುಟದ 2 ಮತ್ತು 7ನ್ನು ಜಿಂಪ್‌ನಲ್ಲಿ ನಕಲು ಮಾಡಿ ಅಂಟಿಸಿದ್ದೀನಿ, ಪಿಎನ್‌ಜಿಯಲ್ಲೇ ಉಳಿಸಿದ್ದೀನಿ. ನನ್ನ ಪ್ರಶ್ನೆ ಇಷ್ಟೇ: ತಿದ್ದಿದ ಅಕ್ಷರ ಪದರವನ್ನು ಹಾಗೇ ಇಟ್ಟು, ಹಿಂದಿನ ಚಿತ್ರವನ್ನಷ್ಟೇ ಬದಲಿಸೋದು ಹೇಗೆ? ಅಥವಾ ಹೊಸ ಚಿತ್ರಕ್ಕೆ ಮತ್ತೆ ಓಸಿಆರ್ ಮಾಡೋದೊಂದೇ ದಾರಿಯಾ?